ಅಳತೆ ಪ್ರಕಾರ 7, ಹಾಕೋದು 8: ಯಾವ ಶೂ ತರಿಸಲಿ?

ನಯನಾ: ಅಪ್ಪನಿಗೆ ವಾಕಿಂಗ್ ಶೂ ಆನ್‌ಲೈನ್‌ನಲ್ಲಿ ತರಿಸಬೇಕು. ಪಾದ ಅಳೆದೆ, 26 ಸೆಂ.ಮೀ. ಚಾರ್ಟ್‌ನಲ್ಲಿ 26ರ ಎದುರು ಯುಕೆ 7 ಅಂತಿದೆ, ಅವರು ಹಾಕೋದು 8. ರಿಟರ್ನ್ ತಾಪತ್ರಯ ಬೇಡ. ಅನುಭವ ಇದ್ದವರು ಹೇಳಿ.

ಮಂಜುನಾಥ: ಯೋಚನೇನೇ ಬೇಡ, ಒಂದು ಸೈಜ್ ದೊಡ್ಡದು ತಗೊಳ್ಳಿ. ನಾನು ಚಾರ್ಟ್ ಹೇಳಿದ್ದನ್ನೇ ತಗೊಂಡು ಅನುಭವಿಸಿದ್ದೀನಿ. ಹೆಬ್ಬೆರಳು ಮುಂದಕ್ಕೆ ತಾಗಿ ಉಗುರು ಕಪ್ಪಾಯ್ತು. ವಾಪಸ್ ಕಳಿಸೋಣ ಅಂದ್ರೆ ಅಡಿ ಸವೆದಿದೆ ಅಂತ ಬಾಗಿಲಲ್ಲೇ ತಿರಸ್ಕರಿಸಿದ್ರು. ರಸ್ತೆಗೆ ಇಳಿದದ್ದು ಒಂದೇ ಸಂಜೆ! ಬಾಕ್ಸ್ ಹರಿದಿದೆ ಅಂತ ಇನ್ನೊಂದು ತಕರಾರು. ಕೊನೆಗೆ ಸಾಗಣೆ ಖರ್ಚು ಮುರಿದುಕೊಂಡು ಉಳಿದದ್ದನ್ನ ಕೊಟ್ರು, ಅದೂ ದುಡ್ಡಲ್ಲ, ಅವರ ಕಡೇನೇ ಖರ್ಚು ಮಾಡಬೇಕಾದ ಕೂಪನ್. ಅವತ್ತಿಂದ ಎಲ್ಲದರಲ್ಲೂ ಒಂದು ಸೈಜ್ ಮೇಲೆ. ಸಡಿಲ ಆದ್ರೆ ದಪ್ಪ ಸಾಕ್ಸ್ ಇದೆಯಲ್ಲ.

ವಿಮಲಾ: ಮಂಜುನಾಥ್ ಅವರೇ, ನಿಮ್ಮ ಉಗುರಿಗೆ ಆದದ್ದು ನಿಜ, ಹಾಗಂತ ಅದನ್ನೇ ಎಲ್ಲರ ಕಾಲಿಗೂ ಕಟ್ಟಬೇಡಿ. ಶೂ ಅಂಗಡಿಯಲ್ಲಿ ಕೂತು ಕಾಲು ಅಳೆದೇ ಅರ್ಧ ಆಯುಸ್ಸು ಕಳೆದವಳು ನಾನು. ಚಾರ್ಟ್‌ನಲ್ಲಿರೋ 26 ಯಾವುದರ ಉದ್ದ ಅಂತ ಮೊದಲು ನೋಡಬೇಕು. ಕೆಲವರು ಪಾದದ ಉದ್ದ ಹಾಕ್ತಾರೆ, ಕೆಲವರು ಒಳಗಿನ ಇನ್‌ಸೋಲ್ ಉದ್ದ ಹಾಕ್ತಾರೆ. ಪಾದದ್ದಾದ್ರೆ ಬೆರಳ ಮುಂದಿನ ಜಾಗವನ್ನ ಅವರೇ ಸೇರಿಸಿರ್ತಾರೆ, 7 ಸರಿ. ಇನ್‌ಸೋಲಿನದ್ದಾದ್ರೆ 26ರ ಪಾದಕ್ಕೆ 26ರ ಇನ್‌ಸೋಲ್, ಉಸಿರಾಡೋಕೂ ಜಾಗ ಇಲ್ಲ. ವಾಕಿಂಗ್‌ಗೆ ಸುಮಾರು ಒಂದು ಸೆಂ.ಮೀ. ಬಿಡುವು ಬೇಕು. ಯುಕೆ ಅಳತೆಯಲ್ಲಿ ಒಂದು ಸೈಜಿಗೂ ಮುಂದಿನದಕ್ಕೂ ಎಂಟೂವರೆ ಮಿ.ಮೀ. ವ್ಯತ್ಯಾಸ, ಅಂದ್ರೆ 8ರಲ್ಲಿ 26.8ರ ಹತ್ತಿರ ಸಿಗುತ್ತೆ. ಆಗ 8.

ಚಾರ್ಟ್‌ನಲ್ಲಿ ಏನೂ ಬರೆದಿಲ್ಲದಿದ್ರೆ, ಸರಿಯಾಗಿ ಕೂರೋ ಹಳೇ ಶೂನಿಂದ ಇನ್‌ಸೋಲ್ ಎಳೆದು ಅಳೆಯಿರಿ. ಅದು 27ರ ಆಸುಪಾಸು ಬಂದು ಚಾರ್ಟ್‌ನಲ್ಲಿ 8ರ ಎದುರೂ 27 ಇದ್ರೆ ಅದು ಇನ್‌ಸೋಲ್ ಲೆಕ್ಕ ಇರಬಹುದು. ಖಚಿತ ಅನ್ನಲ್ಲ, ಪಾದದ ಲೆಕ್ಕದವರೂ 8ಕ್ಕೆ 27 ಹಾಕೋದುಂಟು. ಮಾರುವವರನ್ನ ಕೇಳೋದೇ ವಾಸಿ. ಅಂಟಿಸಿದ ಇನ್‌ಸೋಲ್ ಆದ್ರೆ ಈ ಉಪಾಯ ನಡೆಯಲ್ಲ.

ಬಸವರಾಜ: ಅಲ್ರೀ, ಶರ್ಟಿನ ಕಥಿ ಕೇಳ್ರಿ ಮೊದಲ. ನನ್ನ ಎದಿ ಸುತ್ತಳತಿ 38 ಇಂಚು. ಚಾರ್ಟ್‌ನ್ಯಾಗ 38ರ ಮುಂದ ಎಂ ಅಂತಿತ್ತು. ಅದು ಬಟ್ಟಿ ಅಳತಿ ಇರಬೇಕು, ಬಿಗಿ ಆಗ್ತದ ಅಂತ ತಿಳಕೊಂಡು ಎಕ್ಸೆಲ್ ತರಿಸಿದ್ನಿ. ಬಂತು ನೋಡ್ರಿ ಡೇರೆ! ಅದು ಮೈ ಅಳತಿ ಇತ್ತಂತ, ಬಟ್ಟಿಗೆ ನಾಕು ಇಂಚು ಸಡಿಲ ಅವರೇ ಬಿಟ್ಟಿದ್ರು. ಈಗ ಚಲೋ ಕೂಡೋ ಶರ್ಟ್ ಗುಂಡಿ ಹಾಕಿ ಹಾಸಿಗಿ ಮ್ಯಾಲ ಹಾಸ್ತೀನಿ, ಒಂದು ಕಂಕುಳದಿಂದ ಇನ್ನೊಂದು ಕಂಕುಳಕ್ಕ ಟೇಪ್ ಹಿಡಿತೀನಿ. 21 ಬಂತಂದ್ರ ಎರಡರಷ್ಟು, 42. ಬಟ್ಟಿ ಅಳತಿ ಕೊಟ್ಟಿದ್ರ 42 ಇರೋದೇ ತಗೋತೀನಿ. ತಂಗಿ, ನಿಮ್ಮ ಅಪ್ಪಾರಿಗೂ ಹಂಗ ಮಾಡ್ರಿ.

ಮಂಜುನಾಥ: ಅವರು ಕೇಳಿದ್ದು ಶೂ ಸ್ವಾಮಿ.

ಬಸವರಾಜ: ಗೊತ್ತದರೀ. ಎಲ್ಲದಕ್ಕೂ ಒಂದು ಸೈಜ್ ಮ್ಯಾಲ ಅಂದವರು ನೀವು. ಅದಕ್ಕ ಹೇಳಿದ್ನಿ. ಡೇರ್ಯಾಗೂ ದಪ್ಪ ಸಾಕ್ಸ್ ತುಂಬಲೇನು?

ವಿಮಲಾ: ಜಗಳ ಆಮೇಲೆ. ನಯನಾ, ಅಪ್ಪನ ಪಾದ ಕೂರಿಸಿ ಅಳೆದ್ರೋ, ನಿಲ್ಲಿಸಿ ಅಳೆದ್ರೋ? ಭಾರ ಬಿದ್ದಾಗ ಪಾದ ಉದ್ದ ಆಗುತ್ತೆ, ಸಂಜೆ ಹೊತ್ತಿಗೆ ಸ್ವಲ್ಪ ಊದಿರುತ್ತೆ. ಸಂಜೆ ಸಾಕ್ಸ್ ಹಾಕಿಸಿ, ಹಿಮ್ಮಡಿ ಗೋಡೆಗೆ ತಾಗಿಸಿ, ಕಾಗದದ ಮೇಲೆ ನಿಲ್ಲಿಸಿ. ಪೆನ್ಸಿಲ್ ನೆಟ್ಟಗಿರಲಿ, ಓರೆ ಹಿಡಿದ್ರೆ ಗೆರೆ ಪಾದದ ಅಡಿಗೆ ಹೋಗಿ ಅಳತೆ ಕಡಿಮೆ ಬರುತ್ತೆ. ಎರಡೂ ಕಾಲು ಅಳೆದು ಉದ್ದದ್ದನ್ನ ಲೆಕ್ಕಕ್ಕೆ ಹಿಡಿಯಿರಿ. ಅದೂ 26 ಬಂದ್ರೆ ನನಗೆ ಅನುಮಾನ ಅಗಲದ ಮೇಲೆ. ಪಾದ ಅಗಲ ಇರೋರು ಬಿಗಿ ತಪ್ಪಿಸೋಕೆ ಉದ್ದದ ಸೈಜ್ ತಗೊಂಡು ಅದಕ್ಕೇ ಒಗ್ಗಿಹೋಗಿರ್ತಾರೆ. ಹಳೇ ಶೂನಲ್ಲಿ ಹಿಮ್ಮಡಿ ಜಾರುತ್ತಾ, ನಡೆದಾಗ ಮಡಿಕೆ ಬೀಳೋ ಜಾಗ ಬೆರಳ ಬುಡಕ್ಕಿಂತ ಮುಂದಿದೆಯಾ ನೋಡಿ. ಹಾಗಿದ್ರೆ 8 ಬೇಡ, 7ರಲ್ಲೇ ಅಗಲದ ಮಾದರಿ ಹುಡುಕಿ.

ಮಂಜುನಾಥ: ಅಗಲದ ಮಾದರಿ ಎಲ್ಲಾ ಕಡೆ ಸಿಗುತ್ತಾ? ಅಂಗಡಿಯಲ್ಲಿ ಕೂತು ಹೇಳೋದು ಸುಲಭ. ದುಡ್ಡು ಕಳಕೊಂಡವನು ನಾನು.

ವಿಮಲಾ: ಕಳಕೊಂಡದ್ದು ಹೊಸ ಶೂ ಹಾಕಿ ರಸ್ತೆಗೆ ಇಳಿದಿದ್ದಕ್ಕೆ. ಮನೆಯೊಳಗೆ ಜಮಖಾನದ ಮೇಲೆ ನಡೆದು ನೋಡಿದ್ರೆ ಅಡಿ ಸವೆಯುತ್ತಾ?

ನಯನಾ: ಕೂರಿಸಿ ಅಳೆದಿದ್ದೆ. ಈಗ ನಿಲ್ಲಿಸಿದ್ರೆ ಬಲಗಾಲು 26.4, ಎಡ 26.2. ಹಳೇ ಶೂ ಹಿಮ್ಮಡಿ ಜಾರಲ್ಲವಂತೆ. ಮಾರುವವರು ಅದು ಪಾದದ ಉದ್ದ ಅಂದ್ರು, ಏಳೂವರೆ ಇಲ್ಲವಂತೆ.

ವಿಮಲಾ: ಹಾಗಾದ್ರೆ 8 ತರಿಸಿ. ಎಕ್ಸ್‌ಚೇಂಜ್ ಇರೋದನ್ನೇ ನೋಡಿ, ಚೀಟಿ ಕೀಳಬೇಡಿ.

ಮಂಜುನಾಥ: ನಾನು ಮೊದಲೇ ಏನಂದೆ?

ಬಸವರಾಜ: ನಿಂತ ಗಡಿಯಾರನೂ ದಿನಕ್ಕ ಎರಡು ಸಲ ಸರಿ ತೋರಸ್ತದ ಬಿಡ್ರಿ.