ಲಂಡನ್ನಿನ ಸೂರ್ಯನಿಗೆ ಎಷ್ಟು ಗಂಟೆಗೆ ಅರ್ಘ್ಯ?

ಹೊಸದಾಗಿ ಬಂದವನು: ಲಂಡನ್ನಿಗೆ ಬಂದು ಎರಡು ತಿಂಗಳಾಯಿತು. ಬೆಂಗಳೂರಲ್ಲಿ ಬೆಳಗ್ಗೆ ಆರಕ್ಕೆಲ್ಲ ಸಂಧ್ಯಾವಂದನೆಗೆ ಕೂರುತ್ತಿದ್ದೆ. ಈಗ ಡಿಸೆಂಬರ್, ಆರಕ್ಕೆ ಎದ್ದರೆ ಕಗ್ಗತ್ತಲು. ಫೋನಿನ ಪಂಚಾಂಗ ಸೂರ್ಯೋದಯ 6:36 ಅನ್ನುತ್ತೆ, ಕಿಟಕಿ ಬೇರೇನೋ ಹೇಳುತ್ತೆ. ಏಳೂವರೆಗೆ ಮನೆ ಬಿಡಬೇಕು. ಇಲ್ಲಿರುವವರು ಯಾವ ಹೊತ್ತಿಗೆ ಮಾಡುತ್ತೀರಿ?

ಐದೂವರೆ ಲೆಕ್ಕ: ತುಂಬಾ ಸುಲಭ. ಇಲ್ಲಿನ ಗಡಿಯಾರ ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಪಂಚಾಂಗದಲ್ಲಿ ಏನಿದೆಯೋ ಅದರಿಂದ 5:30 ಕಳೆಯಿರಿ, ಮುಗೀತು. ಬೇಸಿಗೆಯಲ್ಲಿ ನಾಲ್ಕೂವರೆ ಕಳೆಯಬೇಕು. ಹತ್ತು ವರ್ಷದಿಂದ ಏಕಾದಶಿ, ಸಂಕಷ್ಟಿ ಎಲ್ಲ ನಾನು ಹೀಗೇ ನೋಡುತ್ತಿದ್ದೇನೆ.

ಹೊಸದಾಗಿ ಬಂದವನು: ಆ ಲೆಕ್ಕದಲ್ಲಿ ಸೂರ್ಯೋದಯ ರಾತ್ರಿ 1:06ಕ್ಕೆ ಬರುತ್ತಲ್ಲ ಸರ್!

ಪಂಚಾಂಗದ ಹುಚ್ಚು: ಅವರು ಹೇಳಿದ್ದು ಅರ್ಧ ಸರಿ. ತಿಥಿ ಮುಗಿಯುವ ಗಳಿಗೆ ಇಡೀ ಭೂಮಿಗೆ ಒಂದೇ. ಅದನ್ನು 5:30 ಕಳೆದು ಇಲ್ಲಿನ ಗಡಿಯಾರಕ್ಕೆ ತರಬಹುದು. ಸೂರ್ಯೋದಯ ಹಾಗಲ್ಲ. ಅದು ನೀವು ನಿಂತ ಜಾಗದ್ದು.

ನಿಮ್ಮ ಫೋನಿನ 6:36 ಬೆಂಗಳೂರಿನದು. ಗಡಿಯಾರ ತಾನಾಗಿ ಲಂಡನ್ನಿಗೆ ಬದಲಾಗಿದೆ, ಪಂಚಾಂಗದ ಒಳಗಿನ ಊರು ಮಾತ್ರ ಹಾಗೇ ಉಳಿದಿದೆ. ಇದನ್ನು ಹಿಡಿಯೋದು ಸುಲಭ. ಅದೇ ಪುಟದಲ್ಲಿ ಸೂರ್ಯಾಸ್ತ ನೋಡಿ, ಹಗಲು ಎಷ್ಟು ಉದ್ದ ಅಂತ ಲೆಕ್ಕ ಹಾಕಿ. ಹನ್ನೊಂದೂಕಾಲು ಗಂಟೆಗಿಂತ ಜಾಸ್ತಿ ಬಂದರೆ ಅದು ಬೆಂಗಳೂರಿನ ಹಗಲು. ಡಿಸೆಂಬರ್ 21ರ ಸುಮಾರಿಗೆ ಲಂಡನ್ನಿನಲ್ಲಿ ಸೂರ್ಯ ಹುಟ್ಟೋದು 8:04ಕ್ಕೆ, ಮುಳುಗೋದು 3:53ಕ್ಕೆ. ಎಂಟು ಗಂಟೆಯೂ ತುಂಬದ ಹಗಲು.

ಇನ್ನು ಏಳೂವರೆಗೆ ಮನೆ ಬಿಡುವ ವಿಷಯ. ಚಳಿಗಾಲದಲ್ಲಿ ನಿಮಗೆ ನಿಜಕ್ಕೂ ತೊಂದರೆಯಿಲ್ಲ. ಬೆಳಗಿನ ಸಂಧ್ಯೆಗೆ ನಕ್ಷತ್ರ ಕಾಣುವಾಗ ಮಾಡಿದರೆ ಉತ್ತಮ, ನಕ್ಷತ್ರ ಮಾಸಿದ ಮೇಲೆ ಮಧ್ಯಮ, ಸೂರ್ಯ ಬಂದ ಮೇಲೆ ಅಧಮ ಅಂತಲ್ಲವಾ ನಮಗೆಲ್ಲ ಹೇಳಿಕೊಟ್ಟಿದ್ದು? ಈಗ ಇಲ್ಲಿ ಆರು ಗಂಟೆಗೆ ಪೂರ್ವದಲ್ಲಿ ಬೆಳಕಿನ ಸುಳಿವೂ ಇರಲ್ಲ, ಅದು ಇನ್ನೂ ರಾತ್ರಿಯೇ. ಏಳರ ಹೊತ್ತಿಗೆ ಆಕಾಶದ ಅಂಚು ತಿಳಿಯಾಗಿರುತ್ತದೆ, ದೊಡ್ಡ ನಕ್ಷತ್ರಗಳು ಇನ್ನೂ ಕಾಣುತ್ತವೆ. ಏಳೂಕಾಲು ದಾಟಿದಂತೆ ಅವೂ ಮಾಸುತ್ತವೆ. ಹಾಗಾಗಿ ಸ್ನಾನ ಮುಗಿಸಿ 6:55ಕ್ಕೆ ಕೂತು 7:05ರ ಸುಮಾರಿಗೆ ಅರ್ಘ್ಯ ಕೊಟ್ಟರೆ ಅದು ಉತ್ತಮ ಕಾಲವೇ. ಮೋಡವಿದ್ದರೆ, ಇದ್ದೇ ಇರುತ್ತದೆ ಅನ್ನಿ, ಸೂರ್ಯೋದಯಕ್ಕೆ ಒಂದು ಗಂಟೆ ಮೊದಲು ಅಂತ ಇಟ್ಟುಕೊಳ್ಳಿ.

ಹೊಸದಾಗಿ ಬಂದವನು: ಹೌದು, ಫೋನಿನಲ್ಲಿ ಸೂರ್ಯಾಸ್ತ 5:59 ಅಂತಿದೆ! ಊರು ಬದಲಾಯಿಸಿದೆ, ಈಗ 8:04 ತೋರಿಸುತ್ತಿದೆ. ಆದರೆ ಸೂರ್ಯ ಕಾಣುವವರೆಗೂ ಗಾಯತ್ರಿ ಜಪ ಮಾಡಬೇಕು ಅಂತ ತಾತ ಹೇಳುತ್ತಿದ್ದರು. 7:05ಕ್ಕೆ ಅರ್ಘ್ಯ ಕೊಟ್ಟರೆ ಒಂದು ಗಂಟೆ ಜಪ ಆಗುತ್ತಲ್ಲ?

ಪಂಚಾಂಗದ ಹುಚ್ಚು: ಅದೇ ಇಲ್ಲಿನ ತೊಡಕು. ಬೆಂಗಳೂರಿನಲ್ಲಿ ಸೂರ್ಯ ಹೆಚ್ಚುಕಮ್ಮಿ ನೆಟ್ಟಗೆ ಮೇಲೇರುತ್ತಾನೆ, ಮುಂಬೆಳಗು ಬೇಗ ಮುಗಿಯುತ್ತದೆ. ಇಲ್ಲಿ ಓರೆಯಾಗಿ ಜಾರಿಕೊಂಡು ಬರುತ್ತಾನೆ, ಅದಕ್ಕೇ ಅದು ಎಳೆಯುತ್ತದೆ. ನಾನು ವಾರದ ದಿನ 108 ಮುಗಿಸಿ ಏಳುತ್ತೇನೆ, ಶನಿವಾರ ಭಾನುವಾರ ಸೂರ್ಯ ಬರುವವರೆಗೂ ನಿಲ್ಲುತ್ತೇನೆ. ನಮ್ಮ ಪುರೋಹಿತರು ಇದಕ್ಕೆ ಒಪ್ಪಿದರು. ನನ್ನ ಷಡ್ಡಕರ ಪುರೋಹಿತರು ಒಪ್ಪಲಿಲ್ಲ.

ರಂಗೋಲಿ ಅಕ್ಕ: ನನ್ನದು ಸಂಧ್ಯಾವಂದನೆ ಅಲ್ಲ, ಬೆಳಗ್ಗೆ ಹೊಸಿಲಿಗೆ ರಂಗೋಲಿ ಹಾಕಿ ದೀಪ ಹಚ್ಚೋದು. ಹಾಗಾಗಿ ನಿಮ್ಮ ಪ್ರಶ್ನೆಗೆ ಇದು ಉತ್ತರ ಅಲ್ಲವೇನೋ. ಸೋಮವಾರ ಏಳೂವರೆಗೆ ರಾಹುಕಾಲ ಶುರು ಅಂತ ಅದಕ್ಕೆ ಮೊದಲೇ ಕತ್ತಲಲ್ಲಿ ಎಲ್ಲ ಮುಗಿಸುತ್ತೇನೆ. ನೀವೂ ಅದನ್ನು ನೋಡಿಕೊಂಡೇ ಕೂರಿ.

ಪಂಚಾಂಗದ ಹುಚ್ಚು: ಅಕ್ಕ, ಏಳೂವರೆಯಿಂದ ಒಂಬತ್ತು ಅನ್ನೋದು ಆರಕ್ಕೆ ಹುಟ್ಟಿ ಆರಕ್ಕೆ ಮುಳುಗುವ ಸೂರ್ಯನ ಲೆಕ್ಕ. ಹಗಲನ್ನು ಎಂಟು ಪಾಲು ಮಾಡಿದರೆ ಸೋಮವಾರ ಎರಡನೇ ಪಾಲು ರಾಹುಕಾಲ. ಈಗ ಲಂಡನ್ನಿನಲ್ಲಿ ಒಂದು ಪಾಲು 59 ನಿಮಿಷವೂ ಇಲ್ಲ. ಅಂದರೆ ರಾಹುಕಾಲ 9:03ರಿಂದ ಹತ್ತರವರೆಗೆ. ಏಳೂವರೆಗೆ ಸೂರ್ಯನೇ ಹುಟ್ಟಿರಲ್ಲ. ಮತ್ತೆ ನಿತ್ಯಕರ್ಮಕ್ಕೆ ರಾಹುಕಾಲ ನೋಡುವ ರೂಢಿ ನಮ್ಮಲ್ಲಿಲ್ಲ.

ರಂಗೋಲಿ ಅಕ್ಕ: ಮೂರು ವರ್ಷ ಸುಮ್ನೆ ಚಳಿಯಲ್ಲಿ ಓಡಾಡಿದೆನಾ! ನಮ್ಮ ಅತ್ತೆಗೆ ಇದನ್ನು ಹೇಳುವವರು ಯಾರು?

ರಾತ್ರಿ ಪಾಳಿ: ಚಳಿಗಾಲ ಹೇಗೋ ಆಗುತ್ತೆ. ನಿಜವಾದ ಪರೀಕ್ಷೆ ಜೂನ್. ಸೂರ್ಯೋದಯ 4:43, ನಕ್ಷತ್ರ ಇರುವಾಗಲೇ ಅಂದರೆ ಮೂರೂವರೆಗೆ ಮೊದಲೇ ಕೂರಬೇಕು. ಸೂರ್ಯ ಮುಳುಗೋದು 9:21ಕ್ಕೆ, ಸಾಯಂಸಂಧ್ಯೆ ಮುಗಿಸಿ ಮಲಗಿದರೆ ನಿದ್ದೆಗೆ ಐದು ಗಂಟೆಯೂ ಸಿಗಲ್ಲ. ಮೊದಲ ವರ್ಷ ಹಟ ಹಿಡಿದು ಮಾಡಿದೆ. ಮೂರನೇ ವಾರ ಕೆಲಸಕ್ಕೆ ಹೋಗುವಾಗ ರೈಲಿನಲ್ಲಿ ನಿದ್ದೆ ಹೋಗಿ ಕೊನೇ ನಿಲ್ದಾಣ ತಲುಪಿದ್ದೆ. ಈಗ ಆರಕ್ಕೆ ಎದ್ದು, ಹೊತ್ತು ಮೀರಿದ್ದಕ್ಕೆ ಪ್ರಾಯಶ್ಚಿತ್ತದ ಅರ್ಘ್ಯ ಒಂದು ಜಾಸ್ತಿ ಕೊಟ್ಟು ಮಾಡುತ್ತೇನೆ. ತಪ್ಪದೆ ಮಾಡೋದು ಮುಖ್ಯ ಅಂತ ನನ್ನ ಲೆಕ್ಕ.

ಐದೂವರೆ ಲೆಕ್ಕ: ದಿನಾ ತಡ ಮಾಡಿ ದಿನಾ ಪ್ರಾಯಶ್ಚಿತ್ತ ಅಂದರೆ ಅದು ಪ್ರಾಯಶ್ಚಿತ್ತ ಹೇಗಾಯಿತು? ಬೇಸಿಗೆ ಅಂತ ಗೊತ್ತಿದ್ದೇ ಮಲಗುತ್ತೀರಲ್ಲ.

ರಾತ್ರಿ ಪಾಳಿ: ನೀವು ಜೂನಿನಲ್ಲಿ ಎಷ್ಟಕ್ಕೆ ಏಳುತ್ತೀರಿ ಸರ್?

ಐದೂವರೆ ಲೆಕ್ಕ: ನಾನು ನಿವೃತ್ತ, ನನಗೆ ನಿದ್ದೆಯೇ ಬರಲ್ಲ.

ಪಂಚಾಂಗದ ಹುಚ್ಚು: ಬ್ರಾಹ್ಮೀ ಮುಹೂರ್ತದಲ್ಲೂ ಇದೇ ಜಗಳ ಇದೆ. ಸೂರ್ಯೋದಯಕ್ಕೆ 96 ನಿಮಿಷ ಮೊದಲು ಶುರು ಅಂತ ಕೆಲವರು ಎಲ್ಲ ಕಡೆಗೂ ಒಂದೇ ಅಳತೆ ಹಿಡಿಯುತ್ತಾರೆ. ಇನ್ನು ಕೆಲವರು ರಾತ್ರಿಯನ್ನು ಹದಿನೈದು ಪಾಲು ಮಾಡಿ, ಕೊನೆಯ ಎರಡು ಪಾಲು ಉಳಿದಾಗ ಅನ್ನುತ್ತಾರೆ. ಊರಲ್ಲಿ ಎರಡಕ್ಕೂ ಅಷ್ಟು ವ್ಯತ್ಯಾಸ ಬೀಳಲ್ಲ. ಲಂಡನ್ನಿನಲ್ಲಿ ಪಾಲಿನ ಲೆಕ್ಕದಂತೆ ಡಿಸೆಂಬರಿನಲ್ಲಿ ಎರಡು ಗಂಟೆಗೂ ಜಾಸ್ತಿ ಮೊದಲು, ಜೂನಿನಲ್ಲಿ ಒಂದೇ ಗಂಟೆ ಮೊದಲು. ನಾನು ಪಾಲಿನ ಲೆಕ್ಕ ಹಿಡಿದಿದ್ದೇನೆ. ಜೂನಿನಲ್ಲಿ ನಿದ್ದೆ ಜಾಸ್ತಿ ಸಿಗುತ್ತೆ ಅನ್ನೋದೂ ಒಂದು ಕಾರಣ, ಸುಳ್ಳು ಯಾಕೆ ಹೇಳಲಿ.

ಹೊಸಬರಿಗೆ ಇನ್ನೊಂದು ಮಾತು. ಅಲಾರಂ ಒಂದೇ ಗಂಟೆಗೆ ಇಟ್ಟು ಮರೆಯಬೇಡಿ. ಡಿಸೆಂಬರ್ ಕೊನೆಯಲ್ಲಿ ಸೂರ್ಯೋದಯ ಹೆಚ್ಚುಕಮ್ಮಿ ನಿಂತೇ ಇರುತ್ತದೆ. ಮಾರ್ಚಿನಲ್ಲಿ ವಾರಕ್ಕೆ ಕಾಲು ಗಂಟೆ ಹಿಂದೆ ಬರುತ್ತದೆ. ಅದರ ಮೇಲೆ ಮಾರ್ಚಿನ ಕೊನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಶನಿವಾರ ಐದೂಮುಕ್ಕಾಲಿಗೆ ಹುಟ್ಟಿದ ಸೂರ್ಯ ಭಾನುವಾರ 6:40ರ ಸುಮಾರಿಗೆ ಹುಟ್ಟಿದ ಹಾಗೆ ಕಾಣುತ್ತಾನೆ. ನಾನು ಪ್ರತಿ ಭಾನುವಾರ ರಾತ್ರಿ ಆ ವಾರದ ಹೊತ್ತು ಚೀಟಿಯಲ್ಲಿ ಬರೆದು ಪಂಚಪಾತ್ರೆಯ ಪಕ್ಕ ಇಡುತ್ತೇನೆ.

ಎರಡು ಕಡೆ ನೋಡಿದಾಗ ಆರೇಳು ನಿಮಿಷ ವ್ಯತ್ಯಾಸ ಬಂದರೆ ಗಾಬರಿ ಬೇಡ. ಹವಾಮಾನದವರು ಸೂರ್ಯನ ಮೇಲಂಚು ಕಂಡಾಗ ಉದಯ ಅನ್ನುತ್ತಾರೆ. ಕೆಲವು ಪಂಚಾಂಗ ಬಿಂಬದ ನಡುಭಾಗ ಹಿಡಿಯುತ್ತವೆ, ಗಾಳಿಯಲ್ಲಿ ಬೆಳಕು ಬಾಗುವುದನ್ನೂ ಸೇರಿಸಲ್ಲ. ಊರಲ್ಲಿ ಅದು ನಾಲ್ಕು ನಿಮಿಷದ ಮಾತು, ಇಲ್ಲಿ ಏಳಾಗುತ್ತೆ.

ಹೊಸದಾಗಿ ಬಂದವನು: ಇವತ್ತು 6:55ಕ್ಕೆ ಕೂತೆ. ಅಪರೂಪಕ್ಕೆ ಮೋಡ ಇರಲಿಲ್ಲ, ನಕ್ಷತ್ರ ಕಂಡವು. ಆದರೆ ಸಂಜೆ 3:53ಕ್ಕೆ ನಾನು ಆಫೀಸಿನ ಮೀಟಿಂಗಿನಲ್ಲಿ ಇರುತ್ತೇನಲ್ಲ, ಅದಕ್ಕೇನು ಮಾಡಲಿ?

ರಾತ್ರಿ ಪಾಳಿ: ಮನೆಗೆ ಬಂದು ಒಂದು ಅರ್ಘ್ಯ ಜಾಸ್ತಿ. ಐದೂವರೆ ಸರ್ ಬಯ್ಯಲಿ ಬಿಡಿ.

ಬಡಗಣ ತುದಿ: ನೀವೆಲ್ಲ ಲಂಡನ್ನಿನಲ್ಲಿ ಕೂತು ಕಷ್ಟ ಅಂತೀರಿ. ನಾನು ನಾರ್ವೆಯ ಟ್ರೋಮ್ಸೊದಲ್ಲಿದ್ದೇನೆ. ಇಲ್ಲೀಗ ಸೂರ್ಯ ಹುಟ್ಟುವುದೇ ಇಲ್ಲ, ಜನವರಿ ನಡುವಿಗೆ ಮುಖ ತೋರಿಸುತ್ತಾನೆ. ಸದ್ಯಕ್ಕೆ ಓಸ್ಲೋದ ಸೂರ್ಯೋದಯ ಹಿಡಿದು ಮಾಡುತ್ತಿದ್ದೇನೆ. ಸರಿಯೋ ತಪ್ಪೋ, ಇಬ್ಬರನ್ನು ಕೇಳಿದೆ, ಎರಡು ಉತ್ತರ ಬಂತು. ಇಂಥ ಕಡೆ ಇದ್ದವರು ಯಾರಾದರೂ ಇದ್ದೀರಾ?