ಮಂಜಿಷ್ಠದ ಬಣ್ಣ ಹತ್ತಿಯಲ್ಲಿ ನಿಲ್ಲುತ್ತಿಲ್ಲ, ಪಟಕ ಹಾಕಿದರೂ ಒಗೆದಾಗ ಹೋಗುತ್ತಿದೆ

ಸುಮಾ: 400 ಗ್ರಾಂ ತೂಕದ ಬಿಳಿ ಹತ್ತಿ ಬಟ್ಟೆಯನ್ನು 80 ಗ್ರಾಂ ಪಟಕದ ನೀರಿನಲ್ಲಿ ಒಂದು ಗಂಟೆ ಕುದಿಸಿ, ನೇರವಾಗಿ ಮಂಜಿಷ್ಠದ ಪಾತ್ರೆಗೆ ಹಾಕಿದೆ. ಹೊರತೆಗೆದಾಗ ಬಣ್ಣ ಕಡುಕೆಂಪಾಗಿತ್ತು. ಕೆಲವು ಒಗೆತಗಳ ನಂತರ ಮಸುಕು ಗುಲಾಬಿಯಷ್ಟೇ ಉಳಿದಿದೆ. ಪಟಕವನ್ನು ಇನ್ನೂ ಹೆಚ್ಚಿಸಬೇಕೇ?

ರಾಘವೇಂದ್ರ: ಬಣ್ಣ ಹಾಕಿದ ಮೇಲೆ ಉಪ್ಪು ಮತ್ತು ವಿನೆಗರ್ ಬೆರೆಸಿದ ನೀರಿನಲ್ಲಿ ರಾತ್ರಿಯಿಡೀ ನೆನೆಸಿಡಿ. ಒಗೆಯುವಾಗ ತಣ್ಣೀರು ಮತ್ತು ಕ್ಷಾರವಿಲ್ಲದ ಸೋಪನ್ನೇ ಬಳಸಿ. ಬಣ್ಣ ಗಟ್ಟಿಯಾಗುತ್ತದೆ.

ಗಿರಿಜಾ: ಸೋಪಿನ ವಿಷಯದಲ್ಲಿ ರಾಘವೇಂದ್ರ ಅವರ ಮಾತು ಸರಿ. ಆದರೆ ಉಪ್ಪಿನಿಂದ ಪ್ರಯೋಜನವಾಗುವುದು ಕೆಲವು ರಾಸಾಯನಿಕ ಬಣ್ಣಗಳಿಗೆ. ಮಂಜಿಷ್ಠವನ್ನು ಅದು ಹಿಡಿದಿಡುವುದಿಲ್ಲ. ವಿನೆಗರ್ ಅಂತೂ ಬೇಡ, ಹತ್ತಿಯ ಮೇಲೆ ಕುಳಿತಿರುವ ಅಲ್ಪಸ್ವಲ್ಪ ಪಟಕವನ್ನೂ ಆ ಹುಳಿ ಸಡಿಲಗೊಳಿಸಬಹುದು.

ಸುಮಾ ಅವರೇ, ಪಟಕ ಕಡಿಮೆಯಾಗಿಲ್ಲ, ಅದಕ್ಕೆ ಹಿಡಿತ ಸಿಕ್ಕಿಲ್ಲ. ಉಣ್ಣೆ, ರೇಷ್ಮೆಗಳು ಪಟಕವನ್ನು ತಾವಾಗಿಯೇ ಹಿಡಿದುಕೊಳ್ಳುತ್ತವೆ. ಹತ್ತಿಗೆ ಆ ಗುಣ ತೀರಾ ಕಡಿಮೆ. ಅಂಟದೆ ಉಳಿದ ಪಟಕ ಬಣ್ಣದ ನೀರಿಗೆ ಇಳಿದು, ಅಲ್ಲಿಯೇ ಮಂಜಿಷ್ಠದೊಂದಿಗೆ ಸೇರಿ ಸಣ್ಣ ಕಣಗಳಾಗುತ್ತದೆ. ಆ ಕಣಗಳು ಬಟ್ಟೆಯ ಮೇಲೆ ಧೂಳಿನಂತೆ ಕೂರುತ್ತವೆ. ನಿಮಗೆ ಕಂಡ ಕಡುಕೆಂಪಿನಲ್ಲಿ ಬಹುಪಾಲು ಅದೇ ಇರಬೇಕು. ಪಟಕ ಹೆಚ್ಚಿಸಿದರೆ ಆ ಧೂಳೇ ಹೆಚ್ಚುತ್ತದೆ.

ಎರಡು ಪರೀಕ್ಷೆ ಮಾಡಿ ನೋಡಿ. ಬಣ್ಣ ಹಾಕಿದ ಬಟ್ಟೆಯನ್ನು ಒಣಗಿದ ಬಿಳಿ ಬಟ್ಟೆಯಿಂದ ಉಜ್ಜಿ. ಕೆಂಪು ಹತ್ತಿದರೆ ಬಣ್ಣ ಮೇಲ್ಮೈಯಲ್ಲಿದೆ ಎಂದರ್ಥ. ಹಾಗೆಯೇ ಬಣ್ಣ ಹಾಕದ ಅದೇ ಬಟ್ಟೆಯ ಮೇಲೆ ಒಂದು ಹನಿ ನೀರು ಬಿಡಿ. ಅದು ತಕ್ಷಣ ಇಂಗಬೇಕು.

ಫಾತಿಮಾ: ನನ್ನ ಅರಿಶಿನದ ಬಟ್ಟೆಯದ್ದೂ ಇದೇ ಕಥೆ. ಸೋಪು ಹಾಕಿದರೆ ಕೆಂಪಾಗುತ್ತದೆ, ಬಿಸಿಲಿಗೆ ಹಾಕಿದರೆ ಬಿಳಿಚಿಕೊಳ್ಳುತ್ತದೆ. ಇದಕ್ಕೂ ಪಟಕದ ಕೊರತೆಯೇ ಕಾರಣವೇ?

ಗಿರಿಜಾ: ಇಲ್ಲ, ಅದು ಬೇರೆ ಸಮಸ್ಯೆ. ಕ್ಷಾರಕ್ಕೆ ಕೆಂಪಾಗುವುದು, ಬೆಳಕಿಗೆ ಮಾಸುವುದು ಅರಿಶಿನದ ಸ್ವಭಾವ. ಪಟಕದಂತೆ ಬಣ್ಣ ಹಿಡಿಸುವ ಯಾವ ಮಾರ್ಡೆಂಟ್ ಕೂಡ ಅದನ್ನು ಪೂರ್ತಿ ತಡೆಯಲಾರದು. ಹಳದಿಯೇ ಬೇಕಿದ್ದರೆ ಚೆಂಡುಹೂವು ಅಥವಾ ದಾಳಿಂಬೆ ಸಿಪ್ಪೆ ವಾಸಿ.

ಸುಮಾ: ಬಿಳಿ ಬಟ್ಟೆಗೆ ಕೆಂಪು ಹತ್ತಿತು. ನೀರಿನ ಹನಿ ಸ್ವಲ್ಪ ಹೊತ್ತು ಮಣಿಯಂತೆ ನಿಂತು ಆಮೇಲೆ ಇಂಗಿತು.

ಗಿರಿಜಾ: ಹಾಗಾದರೆ ತೊಳೆಯುವ ಹಂತದಿಂದಲೇ ಶುರು ಮಾಡಬೇಕು. ಹೊಸ ಬಟ್ಟೆಯನ್ನು ವಾಷಿಂಗ್ ಸೋಡಾ ಮತ್ತು ಸ್ವಲ್ಪ ಸೋಪು ಹಾಕಿದ ನೀರಿನಲ್ಲಿ ಒಂದೆರಡು ಗಂಟೆ ಕುದಿಸಿ. ಬಿಳಿಯಾಗಿ ಕಾಣುವ ಬಟ್ಟೆಯಿಂದಲೂ ಕಂದು ನೀರು ಬರುತ್ತದೆ. ಅದು ಹತ್ತಿಯ ಮೇಣ ಮತ್ತು ಗಂಜಿ.

ನಂತರ ಅಳಲೆಕಾಯಿ. 400 ಗ್ರಾಂ ಬಟ್ಟೆಗೆ 80 ಗ್ರಾಂ ಪುಡಿ ಸಾಕು. ಬೆಚ್ಚಗಿನ ನೀರಿನಲ್ಲಿ ಕರಗಿಸಿ ಸೋಸಿ, ಬಟ್ಟೆಯನ್ನು ರಾತ್ರಿಯಿಡೀ ಬಿಡಿ. ಅದರ ಒಗರು ಹತ್ತಿಗೆ ಅಂಟಿಕೊಳ್ಳುತ್ತದೆ, ಆ ಒಗರಿಗೆ ಪಟಕ ಅಂಟಿಕೊಳ್ಳುತ್ತದೆ. ಒಗರು ಹತ್ತಿದೆಯೇ ಎಂದು ತಿಳಿಯಲು ತುದಿಯ ಚೂರೊಂದನ್ನು ಕತ್ತರಿಸಿ ಅನ್ನಭೇದಿಯ ನೀರನ್ನು ಒಂದು ಹನಿ ಬಿಡಿ, ಹತ್ತಿದ್ದರೆ ಬೂದುಗಪ್ಪಾಗುತ್ತದೆ. ಆ ನೀರು ಉಳಿದ ಬಟ್ಟೆಗೆ ತಾಗದಿರಲಿ.

ಆಮೇಲೆ 60 ಗ್ರಾಂ ಪಟಕವನ್ನು ಬಿಸಿನೀರಿನಲ್ಲಿ ಕರಗಿಸಿ. 8 ಗ್ರಾಂ ವಾಷಿಂಗ್ ಸೋಡಾವನ್ನು ಬೇರೆ ಕರಗಿಸಿಕೊಂಡು ನಿಧಾನವಾಗಿ ಸೇರಿಸಿ, ನೊರೆ ಉಕ್ಕುತ್ತದೆ. ಅದು ಇಳಿದ ಮೇಲೆ ಬಟ್ಟೆ ಹಾಕಿ, ಕುದಿಸದೆ ರಾತ್ರಿಯಿಡೀ ಬಿಡಿ. ಬಣ್ಣಕ್ಕೆ ಹಾಕುವ ಮುನ್ನ ಚೆನ್ನಾಗಿ ಜಾಲಿಸಲೇಬೇಕು. ಅಂಟದ ಪಟಕ ಅಲ್ಲಿಯೇ ಹೋಗಲಿ. ಮಂಜಿಷ್ಠದ ನೀರನ್ನೂ ಕುದಿಸಬೇಡಿ, 70 ಡಿಗ್ರಿ ದಾಟಿದರೆ ಕಂದು ಛಾಯೆ ಇಣುಕುತ್ತದೆ.

ಇಡೀ ಬಟ್ಟೆಗೆ ಕೈ ಹಾಕುವ ಮೊದಲು ಎರಡು ತುಂಡುಗಳಲ್ಲಿ ನೋಡಿ. ಒಂದಕ್ಕೆ ಅಳಲೆಕಾಯಿ ಇರಲಿ, ಇನ್ನೊಂದಕ್ಕೆ ಬೇಡ. ಎರಡನ್ನೂ ಬಿಳಿ ಬಟ್ಟೆಗೆ ಹೊಲಿದು ಒಗೆಯಿರಿ.

ರಾಘವೇಂದ್ರ: ಪಟಕದ ನಂತರ ಬಟ್ಟೆಯನ್ನು ಒಣಗಿಸಿ ಕೆಲವು ದಿನ ಹಾಗೆಯೇ ಇಟ್ಟರೆ ಹಿಡಿತ ಹೆಚ್ಚುತ್ತದೆ. ಇದು ನನ್ನ ಅನುಭವ.

ಗಿರಿಜಾ: ಇಡುವುದರಿಂದ ನಷ್ಟವೇನಿಲ್ಲ. ಆದರೆ ಚೆನ್ನಾಗಿ ಒಣಗಿಸಿದ್ದಷ್ಟೇ ಸಾಕಾಯಿತೇ, ಆ ದಿನಗಳೂ ಬೇಕಿತ್ತೇ ಎಂದು ನೀವು ಬೇರ್ಪಡಿಸಿ ನೋಡಿದ್ದೀರಾ? ನನ್ನ ತುಂಡುಗಳಲ್ಲಿ ವ್ಯತ್ಯಾಸ ಕಾಣಲಿಲ್ಲ.

ರಾಘವೇಂದ್ರ: ಬೇರ್ಪಡಿಸಿ ನೋಡಿಲ್ಲ. ಆದರೂ ನಾನು ಇಡುವುದನ್ನು ಬಿಡುವುದಿಲ್ಲ.

ಸುಮಾ: ತುಂಡುಗಳನ್ನು ಒಗೆದು ನೋಡಿದೆ. ಅಳಲೆಕಾಯಿ ಇಲ್ಲದ ತುಂಡು ಪಕ್ಕದ ಬಿಳಿ ಬಟ್ಟೆಯನ್ನು ಗುಲಾಬಿ ಮಾಡಿತು. ಇರುವುದು ಬಹುತೇಕ ಬಿಡಲಿಲ್ಲ. ಆದರೆ ಬಣ್ಣ ಇಟ್ಟಿಗೆಯ ಕಡೆಗೆ ವಾಲಿದೆ. ನನಗೆ ಬೇಕಿದ್ದುದು ಶುದ್ಧ ಕೆಂಪು. ಹಳೆಯ ಬಟ್ಟೆಯನ್ನೂ ಹೀಗೆ ಸರಿಪಡಿಸಬಹುದೇ?

ಗಿರಿಜಾ: ಅಳಲೆಕಾಯಿಗೆ ತನ್ನದೇ ಹಳದಿ ಇದೆ. ಮಾಚಿಕಾಯಿಯ ಒಗರು ಹೆಚ್ಚು ತಿಳಿ, ಕೆಂಪಿಗೆ ಅದನ್ನು ಬಳಸಿ. ಹಳೆಯ ಬಟ್ಟೆಯನ್ನು ಮೊದಲು ಸೋಪಿನ ಬಿಸಿನೀರಿನಲ್ಲಿ ಒಗೆದು, ಉದುರುವ ಬಣ್ಣವನ್ನೆಲ್ಲ ಉದುರಿಸಿ. ನಂತರ ಒಗರು, ಪಟಕ, ಮಂಜಿಷ್ಠ, ಇದೇ ಕ್ರಮ. ಮೂಲದಲ್ಲಿ ಮೇಣ ಉಳಿದಿದ್ದ ಕಡೆ ಮಚ್ಚೆ ಬರಬಹುದು, ಹಾಗಾಗಿ ಒಂದು ಅಂಚಿನಲ್ಲಿ ಪ್ರಯತ್ನಿಸಿ ಮುಂದುವರಿಯಿರಿ.