40 ಮೀಟರ್ ಟವರ್, ಬಯಲು ಸೀಮೆ: ಟಿಲ್ಟ್ ಎಷ್ಟು ಕೊಡಬೇಕು?

ಕಾರಟಗಿ ಹುಡುಗ: ಕಾರಟಗಿ–ಸಿಂಧನೂರು ರಸ್ತೆ ಕಡೆ ನಮ್ಮದೊಂದು 40 ಮೀಟರ್ ಸೈಟ್. 1800 ಬ್ಯಾಂಡಿನ ಮೊದಲನೇ ಸೆಕ್ಟರ್, ದಿಕ್ಕು ಅಂದ್ರ ಅಜಿಮತ್ 60, ಬೀಮ್ ಕೆಳಕ್ಕ ಇಳಿಸೋ ಟಿಲ್ಟ್ ಎಲೆಕ್ಟ್ರಿಕಲ್ 2, ಆಂಟೆನಾನೇ ಬಗ್ಗಿಸೋ ಮೆಕ್ಯಾನಿಕಲ್ 1. ಆರು ಕಿ.ಮೀ. ಆಚೆ ಡ್ರೈವ್ ಟೆಸ್ಟ್‌ನ್ಯಾಗೂ ಇದೇ ಸೆಕ್ಟರ್ ಹಿಡೀತದ, ಅಲ್ಲಿ ಕಾಲ್ ಕಟ್ ಆಗ್ತಾವ. ಆ ಜಾಗಕ್ಕ ಒಂದೂವರೆ ಕಿ.ಮೀ. ದೂರದಾಗ ನಮ್ಮದೇ ಇನ್ನೊಂದು ಸೈಟ್ ಐತಿ. ಮ್ಯಾನೇಜರು ಮೆಕ್ಯಾನಿಕಲ್ 8 ಮಾಡು ಅಂತಾರ. ಮಾಡಿ ನೋಡಿದವರು ಅನುಭವ ಹೇಳ್ರಿ.

ಬಿಸಿಲೂರು: ಇದಕ್ಕ ಲೆಕ್ಕ ಐತಿ, ಊಹೆ ಯಾಕ್ರಿ? ಸೆಲ್ ಎಲ್ಲಿ ಮುಗೀಬೇಕು ಅನ್ನೋದು ಮೊದಲು ಹಿಡೀರಿ. 1.3 ಕಿ.ಮೀ. ಅಂತ ಇಟ್ಕೊಂಡ್ರ, VBW ಅಂದ್ರ ಬೀಮಿನ ಮ್ಯಾಲೆ-ಕೆಳಗಿನ ದಪ್ಪ 7, ಕೋನ ಎಲ್ಲಾ ಡಿಗ್ರಿಯಾಗ,

```
tilt = atan(h/d) + VBW/2
     = atan(40/1300) + 7/2 = 5.3
```

ಸುಮಾರು 5 ಕೊಟ್ಟು ಕೈ ತೊಳ್ಕೋರಿ. ಬೀಮಿನ ಮ್ಯಾಲಿನ ಅಂಚು 1.3 ಕಿ.ಮೀ.ಗೆ ನೆಲ ಮುಟ್ತದ, ಅದರಾಚೆ ಏನೂ ಹೋಗಂಗಿಲ್ಲ. ರಾಯಚೂರು ಕಡೆ ನಮ್ಮ ಕ್ಲಸ್ಟರ್ ಪೂರ್ತಿ ಇದೇ ಸೂತ್ರದ ಮ್ಯಾಲೆ ನಿಂತದ. ನಾಲ್ಕು ಜನ ಹೇಳಿದ್ದು ಕೇಳ್ಕೋತ ಕೂತ್ರ ಸೈಟ್ ಹಂಗೇ ಉಳೀತದ.

ಬಳ್ಳಾರಿ ಗುಡ್ಡ: 5 ಯಾತಕ್ಕೂ ಸಾಲಲ್ಲ ಸರ್, ಮ್ಯಾನೇಜರು ಹೇಳಿದ 8 ಸರಿ ಐತೆ. ನಮ್ಮ ಕಡೆ ಗುಡ್ಡದ ಮೇಲಿನ ಸೈಟು, ಕೆಳಗಿನ ಊರಿನ ನೆಲದಿಂದ ಆಂಟೆನಾ 150 ಮೀಟರ್ ಮೇಲೆ. ಮೊದಲು ಟವರ್ ಬುಡದಿಂದ ಎತ್ತರ ಲೆಕ್ಕ ಹಿಡಿದು 3 ಡಿಗ್ರಿ ಕೊಟ್ಟಿದ್ರು. ಆ ಸೆಕ್ಟರು ಊರು ಬಿಟ್ಟು ಬಯಲೆಲ್ಲಾ ತಾನೇ ಆಳ್ತಿತ್ತು. 8ಕ್ಕೆ ಇಳಿಸಿದ ಮೇಲೆ ಆರು ಕಿ.ಮೀ. ಆಚೆ ಸದ್ದೇ ಇಲ್ಲ, ಊರೊಳಗೆ ಸಿಗ್ನಲ್ ಇನ್ನೂ ಗಟ್ಟಿ ಆಯ್ತು. ಒಂದೇ ಏಟಿಗೆ ಎರಡೂ ಕಡೆ ಲಾಭ.

ಎಡದಂಡೆ: ಗುಡ್ಡದ ಕತೆಯನ್ನ ಬಯಲಿಗೆ ತರಬೇಡಿ. ನಿಮ್ಮ ಸೈಟಿನಲ್ಲಿ ಟಿಲ್ಟ್ ಕೆಲಸ ಮಾಡಿದ್ದು 150 ಮೀಟರ್ ಎತ್ತರದಿಂದ. ಅಲ್ಲಿಂದ ನೋಡಿದರೆ 1.3 ಕಿ.ಮೀ. ಜಾಗ 6.6 ಡಿಗ್ರಿ ಕೆಳಗಿದೆ, ಆರು ಕಿ.ಮೀ. ಜಾಗ 1.4 ಡಿಗ್ರಿ ಕೆಳಗೆ. ನಡುವೆ ಐದು ಡಿಗ್ರಿ ಅಂತರ ಇರುವುದರಿಂದ ಒಂದನ್ನ ಉಳಿಸಿ ಇನ್ನೊಂದನ್ನ ಕೊಯ್ಯಬಹುದು. 40 ಮೀಟರಿನಿಂದ ಸಿಂಧನೂರು ಕಡೆಯ ಬಯಲನ್ನ ನೋಡಿದರೆ ಇವೇ ಕೋನಗಳು 1.8 ಮತ್ತು 0.4. ಅಂತರ ಒಂದೂವರೆ ಡಿಗ್ರಿಯೂ ಇಲ್ಲ, ಬೀಮ್ ನೋಡಿದರೆ ಏಳು ಡಿಗ್ರಿ ದಪ್ಪ.

ಬಿಸಿಲೂರು ಅವರ ಸೂತ್ರ ಶುರು ಮಾಡಲಿಕ್ಕೆ ಸರಿ. ಆದರೆ "ಅದರಾಚೆ ಏನೂ ಹೋಗಲ್ಲ" ಅನ್ನೋದು ತಪ್ಪು. ಬೀಮಿನ ಮೇಲಂಚು ಅಂದರೆ ಶಿಖರಕ್ಕಿಂತ 3 ಡಿಬಿ ಕಡಿಮೆ ಇರುವ ಜಾಗ ಅಷ್ಟೆ, ಅಲ್ಲೇನು ಗೋಡೆ ಎದ್ದಿರೋದಿಲ್ಲ. ಪ್ಲಾನಿಂಗ್‌ನಲ್ಲಿ ಎಲ್ಲರೂ ಬಳಸುವ ಬೀಮ್ ಲೆಕ್ಕ ಹಾಕಿ ನೋಡಿ, offset ಅಂದರೆ ಶಿಖರದಿಂದ ಎಷ್ಟು ಡಿಗ್ರಿ ಸರಿದಿದೆ ಅನ್ನೋದು:

```
loss = 12 * (offset/VBW)^2  dB
```

ಕಾರಟಗಿ ಸೈಟನ್ನ ಈಗಿನ ಒಟ್ಟು 3 ಡಿಗ್ರಿಯಿಂದ 5ಕ್ಕೆ ಇಳಿಸಿದರೆ ಆರು ಕಿ.ಮೀ. ಆಚೆ ಮೂರೂವರೆ ಡಿಬಿ ತಗ್ಗುತ್ತದೆ. ಜೊತೆಗೆ ಅದರದೇ 1.3 ಕಿ.ಮೀ. ಅಂಚಿನಲ್ಲಿ ಎರಡು ಡಿಬಿ ಹೋಗುತ್ತದೆ. ಉಳಿದ ಲಾಭ ಸುಮಾರು 1.4 ಡಿಬಿ. 6ಕ್ಕೆ ಇಳಿಸಿದರೆ ದೂರದಲ್ಲಿ ಆರು ಹೋಗುತ್ತದೆ, ಅಂಚಿನಲ್ಲಿ ನಾಲ್ಕು. ಅಂಚಿನವರು 900 ಬ್ಯಾಂಡಿಗೆ ಜಾರುತ್ತಾರೆ, ಅದು ತುಂಬುತ್ತದೆ, ಆಮೇಲೆ ಹೊಸ ದೂರು.

ಬಿಸಿಲೂರು: ಕೂತಲ್ಲೇ ಡಿಬಿ ಎಣಿಸೋದು ಬ್ಯಾರೆ, ಕ್ಲಸ್ಟರ್ ನಡೆಸೋದು ಬ್ಯಾರೆ. 1.4 ಡಿಬಿ ಸುಮ್ನ ಬರ್ತದೇನು?

ಏಣಿ ಹತ್ತೋನು: ನೀವಿಬ್ರೂ ಡಿಗ್ರಿ ಡಿಗ್ರಿ ಅಂತ ಜಗಳಾಡ್ರಿ, ಮ್ಯಾಲೆ ಹತ್ತಿ ನೋಡಾವ ನಾನು. ಮೆಕ್ಯಾನಿಕಲ್ 1 ಅಂತ ಬರದೀರಲ್ಲ, ಅದು ಬ್ರಾಕೆಟ್ಟಿನ ಸ್ಕೇಲ್ ನೋಡಿ ಬರದದ್ದೋ, ಮೀಟರ್ ಇಟ್ಟು ನೋಡಿದ್ದೋ? ಸ್ಕೇಲ್ ತೋರ್ಸೋದು ಪೈಪಿಗೂ ಆಂಟೆನಾಕ್ಕೂ ನಡುವಿನ ಕೋನ. ಪೈಪೇ ಒಂದು ಡಿಗ್ರಿ ಹಿಂದಕ್ಕ ವಾಲಿದ್ರ ನಿಮ್ಮ ಟಿಲ್ಟ್ ಸೊನ್ನೆ. ಡಿಜಿಟಲ್ ಮೀಟರನ್ನ ಆಂಟೆನಾ ಬೆನ್ನಿನ ಚಪ್ಪಟೆ ಜಾಗಕ್ಕ ಒತ್ತಿ, ಮ್ಯಾಲೊಮ್ಮೆ ಕೆಳಗೊಮ್ಮೆ ಓದಿ, ಫೋಟೋ ತೆಗಿಸ್ರಿ. ಕಂಪಾಸನ್ನ ಟವರ್ ಕಾಲಿಗೆ ಹಚ್ಚಿ ಅಜಿಮತ್ ಓದಿದ್ರ ಕಬ್ಬಿಣ ಮುಳ್ಳು ಎಳೀತದ. ಕೆಳಗಿಳಿದು, ಟವರ್ ಬಿಟ್ಟು ದೂರ ಹೋಗಿ, ಆಂಟೆನಾದ ಮುಖದ ನೇರಕ್ಕ ನಿಂತು ಓದಬೇಕು.

ಖರ್ಚಿನ ಮಾತು ಯಾರೂ ಎತ್ತಲ್ಲ. ಒಂದು ಮೆಕ್ಯಾನಿಕಲ್ ಬದಲಾವಣೆ ಅಂದ್ರ ಇಬ್ಬರು ರಿಗ್ಗರ್ ಕೂಲಿ, ಗಾಡಿ, ಡೀಸೆಲ್, ಟವರ್ ಕಂಪನಿ ಪರ್ಮಿಟ್, ಗಾಳಿ ಎದ್ರ ಅರ್ಧ ದಿನ ಹಾಳು. 8 ಮಾಡ್ಸಿ, ವಾರದ ಮ್ಯಾಲೆ "ಇಲ್ಲ, 4ಕ್ಕ ತಗೋರಿ" ಅಂದ್ರ ಇದೆಲ್ಲಾ ಎರಡು ಸಲ. ಆ ಎರಡನೇ ಬಿಲ್ ಪಾಸ್ ಮಾಡೋ ಹೊತ್ತಿಗೆ ಆಫೀಸಿನಾಗ ಎಲ್ಲಾರೂ ಮರತಿರ್ತಾರ.

ಕಲ್ಲಿನೂರು: ನಮ್ಮದು ಗಂಗಾವತಿ ಕಡೆ. ಗುಡ್ಡದ ಬುಡದಾಗ ಮನಿ, ಟವರ್ ತಲಿ ಮ್ಯಾಲೇ ಕಾಣ್ತದ, ಫೋನಿನಾಗ ಮಾತ್ರ ಒಂದೇ ಕಡ್ಡಿ. ಎರಡು ಕಿ.ಮೀ. ಆಚೆ ಹೊಲದಾಗ ಪೂರ್ತಿ ಕಡ್ಡಿ ಬರ್ತಾವ. ನೀವು ಹೇಳೋ ಟಿಲ್ಟ್ ಮಾಡಿದ್ರ ನಮಗೂ ಬರ್ತದೇನ್ರಿ? ಅರ್ಜಿ ಯಾರಿಗೆ ಕೊಡಬೇಕು?

ಬಳ್ಳಾರಿ ಗುಡ್ಡ: ಅಕ್ಕ, ಇದು ಬೇರೆ ಚರ್ಚೆ. ನಿಮ್ಮ ಆಪರೇಟರ್‌ಗೆ ದೂರು ಕೊಡಿ.

ಎಡದಂಡೆ: ಬೇರೆ ಅಲ್ಲ, ಅವರು ಹೇಳಿದ್ದು ನಿಮ್ಮ 8 ಡಿಗ್ರಿಯ ಇನ್ನೊಂದು ಮುಖ. ಮುಖ್ಯ ಬೀಮಿಗೂ ಅದರ ಕೆಳಗಿನ ಸಣ್ಣ ಬೀಮಿಗೂ ನಡುವೆ ಒಂದು ಕುರುಡು ಪಟ್ಟಿ ಇರುತ್ತದೆ. 7 ಡಿಗ್ರಿ ಆಂಟೆನಾದಲ್ಲಿ ಶಿಖರದಿಂದ ಸುಮಾರು 8 ಡಿಗ್ರಿ ಕೆಳಗೆ. ನಿಮ್ಮ 150 ಮೀಟರ್ ಗುಡ್ಡದಲ್ಲಿ ಅದು ಬಂದು ಬೀಳುವುದು ಹತ್ತಿರ ಹತ್ತಿರ ಅರ್ಧ ಕಿ.ಮೀ. ದೂರದ ಓಣಿಗಳ ಮೇಲೆ. ಟಿಲ್ಟ್ ಹೆಚ್ಚಿಸಿದಷ್ಟೂ ಪಟ್ಟಿ ಗುಡ್ಡದ ಬುಡಕ್ಕೆ ಸರಿಯುತ್ತದೆ. ಕೆಳಗಿನ ಈ ಕುಳಿಯನ್ನ ತುಂಬುವ ಹಾಗೆ ಮಾಡಿದ ಆಂಟೆನಾ ಸಿಗುತ್ತವೆ. ಅಕ್ಕಾ, ನಿಮ್ಮ ಮನೆಯ ಲೊಕೇಶನ್ ಪಿನ್ ಹಾಕಿ ದೂರು ಕೊಡಿ. ಬರೀ ಊರ ಹೆಸರು ಕೊಟ್ಟರೆ ಊರ ನಡುವೆ ಅಳೆದು ಸರಿಯಿದೆ ಅಂತ ಮುಚ್ಚುತ್ತಾರೆ.

ಬಳ್ಳಾರಿ ಗುಡ್ಡ: ನಮ್ಮ ಸೈಟಲ್ಲಿ ಅಂಥ ದೂರು ಬಂದಿಲ್ಲ.

ಏಣಿ ಹತ್ತೋನು: ದೂರು ನಿಮ್ಮ ತನಕ ಬರಂಗಿಲ್ಲ, ನಮ್ಮನ್ನ ಬುಡದಾಗ ಹಿಡೀತಾರ.

ಕಾರಟಗಿ ಹುಡುಗ: ಅಣ್ಣಾರ, ನನ್ನ ಮೆಕ್ಯಾನಿಕಲ್ 8ರ ಮಾತು ಅಲ್ಲೇ ಉಳೀತು. ಆಚೆ ಸೈಟಿಂದು ಈಗ ನೋಡ್ದೆ: ಅದೂ 40 ಮೀಟರ್, ಟಿಲ್ಟ್ ಒಟ್ಟು 8. ಡ್ರಾಪ್ ಆಗೋ ಜಾಗ ಅದರ ಎರಡು ಸೆಕ್ಟರ್‌ಗಳ ನಟ್ಟನಡುವೆ ಬೀಳ್ತದ. ಎರಡಕ್ಕೂ 60 ಡಿಗ್ರಿ ಪಕ್ಕಕ್ಕ.

ಎಡದಂಡೆ: ಇದನ್ನ ಮೊದಲೇ ಹೇಳಿದ್ದರೆ ಇಷ್ಟು ಹೊತ್ತು ಬೇಕಿರಲಿಲ್ಲ. ನಿಮ್ಮ ಸೆಕ್ಟರ್ ಅಷ್ಟು ದೂರ ಗೆಲ್ಲುವುದು ತನ್ನ ಬಲದಿಂದ ಅಲ್ಲ, ಅಲ್ಲಿನ ಸೈಟ್ ಸೋತಿರುವುದರಿಂದ. 65 ಡಿಗ್ರಿ ಅಗಲದ ಆಂಟೆನಾ ಮೂರು ಸೆಕ್ಟರ್ ಇಟ್ಟಾಗ ಎರಡರ ನಡುವಿನ ಸಂದಿಯಲ್ಲಿ ಸುಮಾರು 10 ಡಿಬಿ ಹೋಗುತ್ತದೆ. ಅದರ ಮೇಲೆ 8 ಡಿಗ್ರಿ ಟಿಲ್ಟ್ ಒಂದೂವರೆ ಕಿ.ಮೀ.ಯಲ್ಲಿ ಇನ್ನೊಂದು 10 ಡಿಬಿ ತಿನ್ನುತ್ತದೆ. ಒಟ್ಟು 20. ನಿಮ್ಮ ಸೈಟ್ ಅಲ್ಲಿಂದ ನಾಲ್ಕು ಪಟ್ಟು ದೂರ. ಬಯಲಿನಲ್ಲಿ ಹತ್ತು ಪಟ್ಟು ದೂರಕ್ಕೆ 35 ಡಿಬಿ ಅಂತ ಹಿಡಿದರೆ ನಾಲ್ಕು ಪಟ್ಟಿಗೆ 21 ಆಗುತ್ತದೆ. ಎರಡೂ ಸಮ. ಫೋನ್ ಆ ಕಡೆ ಈ ಕಡೆ ಒದ್ದಾಡಿ ಕಾಲ್ ಕಟ್ ಆಗುತ್ತಿದೆ.

ಆ ಸೈಟನ್ನ 8ರಿಂದ 4ಕ್ಕೆ ಎತ್ತಿದರೆ ಆ ಜಾಗದಲ್ಲಿ ಒಂಬತ್ತು ಡಿಬಿ ಹತ್ತಿರ ವಾಪಸ್ ಬರುತ್ತದೆ. ನಿಮ್ಮದನ್ನ 5ಕ್ಕೆ ಇಳಿಸಿದರೆ ಸಿಗುವುದು ಮೂರೂವರೆ. ಎಲೆಕ್ಟ್ರಿಕಲ್ ಟಿಲ್ಟಿನಲ್ಲೇ ಆ ನಾಲ್ಕು ಡಿಗ್ರಿ ಬಿಟ್ಟುಕೊಡುವ ಹಾಗಿದ್ದರೆ ಏಣಿಯೂ ಬೇಡ. ಎತ್ತಿದ ಮೇಲೆ ಅದು ತನ್ನ ಮುಂದಿನ ಸೈಟಿಗೆ ತೊಂದರೆ ಕೊಡುತ್ತದೆಯೋ ಅಂತ ಅದೇ ದಿನ ಡ್ರೈವ್ ಮಾಡಿ.

ಮೆಕ್ಯಾನಿಕಲ್ 8 ಬೇಡವೇ ಬೇಡ. ಮುಂದೆ 8 ಬಗ್ಗಿದರೆ 60 ಡಿಗ್ರಿ ಪಕ್ಕದಲ್ಲಿ ಬಗ್ಗುವುದು 4, ಪೂರ್ತಿ ಪಕ್ಕದಲ್ಲಿ ಸೊನ್ನೆ, ಬೆನ್ನ ಹಿಂದೆ 8 ಮೇಲಕ್ಕೆ ಏಳುತ್ತದೆ. ಮೂತಿ ಕೊಯ್ದು ಭುಜ ಉಳಿಸಿದ ಹಾಗೆ. ಅಕ್ಕಪಕ್ಕದ ಸೆಕ್ಟರಿಗೆ ಅದೇ ಭುಜ ತಾಗುತ್ತದೆ. ಎಲೆಕ್ಟ್ರಿಕಲ್ ಸುತ್ತಲೂ ಸಮ ಇಳಿಯುತ್ತದೆ.

ಏಣಿ ಹತ್ತೋನು: "ಏಣಿ ಬೇಡ" ಅಂತೀರಿ! ಸ್ಕ್ರೀನಿನಾಗ 8 ಅಂತ ಇದ್ರ ಮ್ಯಾಲೂ 8 ಇರ್ತದಂತ ಯಾರು ಹೇಳಿದ್ರು? ಆಂಟೆನಾ ಬದಲಿಸಿದ ಮ್ಯಾಲೆ ಎಲೆಕ್ಟ್ರಿಕಲ್ ಟಿಲ್ಟ್ ತಿರುಗಿಸೋ ಮೋಟಾರ್ ಕ್ಯಾಲಿಬ್ರೇಟ್ ಮಾಡದೇ ಬಿಟ್ರ ಸ್ಕ್ರೀನ್ ಒಂದು ಹೇಳ್ತದ, ಆಂಟೆನಾದ ಟಿಲ್ಟ್ ಕಡ್ಡಿ ಇನ್ನೊಂದು ಹೇಳ್ತದ. ಕೇಬಲ್ ಅದಲುಬದಲಾದ್ರ ನೀವು ಒಂದನೇ ಸೆಕ್ಟರಿಗೆ ಕೊಟ್ಟ ಟಿಲ್ಟ್ ಎರಡನೇದಕ್ಕ ಹೋಗ್ತದ.

ಎಡದಂಡೆ: ಒಪ್ಪಿದೆ. ಅದನ್ನ ಕೆಳಗಿಂದಲೇ ಹಿಡಿಯಬಹುದು. ಟಿಲ್ಟ್ ಬದಲಿಸುವ ಮೊದಲು ಮತ್ತು ಆಮೇಲೆ ಆ ಸೆಕ್ಟರಿನ ಟಿಎ ಹಂಚಿಕೆ ತೆಗೆಯಿರಿ, ಫೋನುಗಳು ಎಷ್ಟು ದೂರದಲ್ಲಿವೆ ಅಂತ ಅದು ತೋರಿಸುತ್ತದೆ. 4ಜಿಯಲ್ಲಿ ಒಂದು ಹೆಜ್ಜೆ 78 ಮೀಟರ್, ಹಾಗಾಗಿ ನಿಮ್ಮ ಆರು ಕಿ.ಮೀ. ಬಾಲ 77ರ ಆಸುಪಾಸಿನಲ್ಲಿ ಕಾಣಬೇಕು. ಟಿಲ್ಟ್ ಬದಲಾದರೂ ಬಾಲ ಅಲುಗದೆ ಪಕ್ಕದ ಸೆಕ್ಟರಿನದು ಅಲುಗಿದರೆ ಕೇಬಲ್ ಅದಲುಬದಲು. ಯಾವುದೂ ಅಲುಗದಿದ್ದರೆ ಮೋಟಾರ್. ಆಗ ಏಣಿ ಹತ್ತೋದು ನೀವೇ.

ಬಿಸಿಲೂರು: ಇಷ್ಟೆಲ್ಲಾ ಸುತ್ತಿ ಬಳಸೋ ಬದಲು ಆಂಟೆನಾನೇ 40ರಿಂದ 28ಕ್ಕ ಇಳಿಸಿದ್ರ ಆತಲ್ಲ. ಎತ್ತರ ಕಮ್ಮಿ ಆದ್ರ ಓವರ್‌ಶೂಟ್ ಎಲ್ಲಿಂದ ಬರ್ತದ?

ಎಡದಂಡೆ: ಬಯಲಿನಲ್ಲಿ ಅದೂ ಎರಡು ಕಡೆಯೂ ತಿನ್ನುತ್ತದೆ. ದೂರದಲ್ಲೂ ಅಂಚಿನಲ್ಲೂ ಎರಡು ಮೂರು ಡಿಬಿ, ವ್ಯತ್ಯಾಸ ಒಂದು ಡಿಬಿಗಿಂತ ಕಡಿಮೆ.

ಬಿಸಿಲೂರು: ನಿಮ್ಮ ಲೆಕ್ಕದಾಗ ಗಿಡ ಇಲ್ಲ. ಕಾಲುವೆ ಗುಂಟ ಜಾಲಿ, ತೆಂಗು ಎಷ್ಟದಾವ ನೋಡೀರಾ? 28ಕ್ಕ ಇಳಿಸಿದ್ರ ಗಿಡದ ನೆತ್ತಿ ಸವರಿಕೊಂಡು ಹೋಗ್ತದ, ದೂರದ್ದು ಅಲ್ಲೇ ಸಾಯ್ತದ.

ಎಡದಂಡೆ: ಗಿಡದ ಮಾತು ನಿಜ ಇರಬಹುದು. ಆ ಸಾಲು ನಿಮ್ಮ ಊರಿಗೂ ಟವರಿಗೂ ನಡುವೆ ಇದ್ದರೆ ಮೊದಲು ಸಾಯುವುದು ಊರಿನ ಸಿಗ್ನಲ್. ಅಳೆಯದೆ ನಾನು ಹೂಂ ಅನ್ನಲ್ಲ.

ಕಾರಟಗಿ ಹುಡುಗ: 28ರಾಗ ಬ್ಯಾರೆ ಆಪರೇಟರ್ ಆಂಟೆನಾ ಕೂತಾವ, ಆ ದಾರಿ ಬಂದ್. ಆಚೆ ಸೈಟಿನ ಎಲೆಕ್ಟ್ರಿಕಲ್ 6, ಮೆಕ್ಯಾನಿಕಲ್ 2. ಎಲೆಕ್ಟ್ರಿಕಲ್ 2ಕ್ಕ ತಂದ್ರ ಒಟ್ಟು 4 ಆಗ್ತದ. ಇನ್ನೊಂದು ಕಂಡಿತು: ಆ ಜಾಗ ನೋಡೋ ಎರಡು ಸೆಕ್ಟರಿನಾಗ ಒಂದರ ಸೆಲ್ ಗುರುತಿನ ಪಿಸಿಐ ನಂಬರ್, ನನ್ನ ಸೆಕ್ಟರಿಂದು, ಎರಡನ್ನೂ 3ರಿಂದ ಭಾಗಿಸಿದ್ರ ಶೇಷ ಒಂದೇ ಬರ್ತದ. ಕಾಲ್ ಯಾವ ಸೆಲ್‌ಗೆ ದಾಟಿಸಬೇಕು ಅನ್ನೋ ನೇಬರ್ ಪಟ್ಟಿಯಾಗ ನನ್ನ ಸೆಕ್ಟರಿಗೆ ಆ ಸೈಟ್ ಇಲ್ಲೇ ಇಲ್ಲ.

ಎಡದಂಡೆ: ನೇಬರ್ ಇವತ್ತೇ ಸೇರಿಸಿ, ಎರಡೂ ದಿಕ್ಕಿಗೆ. ಕಾಲ್ ಕಟ್ ಆಗುವುದರಲ್ಲಿ ದೊಡ್ಡ ಪಾಲು ಅದರದೇ ಇರಬಹುದು. ಟಿಲ್ಟ್ ನಾಳೆ ಮಾಡಿ, ಎರಡನ್ನೂ ಒಂದೇ ದಿನ ಮುಟ್ಟಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗಲ್ಲ. ಪಿಸಿಐ ಕೊನೆಗೆ, ರಾತ್ರಿ ಹೊತ್ತು, ಬದಲಿಸುವಾಗ ಸೆಲ್ ಒಮ್ಮೆ ಬಿದ್ದು ಏಳುತ್ತದೆ.

ಬಿಸಿಲೂರು: ಪಿಸಿಐ ಮೊದಲು ಮಾಡ್ರಿ. ಶೇಷ ಒಂದೇ ಇದ್ರ ಅಳತೆನೇ ಕೆಡ್ತದ, ಆಮೇಲೆ ಟಿಲ್ಟ್ ನೋಡಿ ಏನು ತಿಳೀತದ?

ಏಣಿ ಹತ್ತೋನು: ಮ್ಯಾನೇಜರು 8 ಬೇಕೇ ಬೇಕು ಅಂದ್ರ ಬರವಣಿಗೆಯಾಗ ತಗೋ ತಮ್ಮಾ. ವಾಪಸ್ ತರೋ ಬಿಲ್‌ಗೆ ಅದನ್ನ ಹಚ್ಚೋಣ.